ಕೊಕ್ಕೆ ಹಳೆಯದು, ಬೆಸುಗೆ ಹೊಸದು: ಒಂದು ಬ್ರೇಸ್ಲೆಟ್‌ನ ಮ್ಯಾಕ್ರೋ ಫೋಟೋಗಳಲ್ಲಿ ಕಂಡದ್ದು

ಹಿನ್ನೆಲೆ

ಈ ಪ್ರಕರಣದಲ್ಲಿ ಇರುವುದು ಒಂದು ಚಿನ್ನದ ಬ್ರೇಸ್ಲೆಟ್, ಅದರ ಒಡತಿ ಮತ್ತು ಅದನ್ನು ದುರಸ್ತಿ ಮಾಡಿದ ಅಕ್ಕಸಾಲಿಗರು. ಯಾರ ಗುರುತೂ ಸಿಗದ ಹಾಗೆ ಅಕ್ಕಪಕ್ಕದ ವಿವರಗಳನ್ನು ಬಿಟ್ಟಿದ್ದೇನೆ. ಲೋಹದ ಮೇಲೆ ಕಂಡದ್ದನ್ನು ಮಾತ್ರ ಕಂಡ ಹಾಗೇ ಬರೆದಿದ್ದೇನೆ.

ಬ್ರೇಸ್ಲೆಟ್ 18 ಕ್ಯಾರೆಟ್ ಹಳದಿ ಚಿನ್ನದ್ದು ಎಂದು ಮನೆಯವರೆಲ್ಲ ನಂಬಿದ್ದರು. ಅಂಡಾಕಾರದ ಗಟ್ಟಿ ಕೊಂಡಿಗಳ ಸಾಲು. ಒಂದು ತುದಿಯಲ್ಲಿ ಪುಟ್ಟ ತಗಡು, ಅದರ ಮೇಲೆ 750 ಎಂಬ ಮುದ್ರೆ. ಅಂದರೆ ಸಾವಿರ ಭಾಗದಲ್ಲಿ 750 ಭಾಗ ಚಿನ್ನ. ಆ ತಗಡಿನ ಪಕ್ಕದಲ್ಲೇ ಒಂದು ಕೊಕ್ಕೆ. ಒಳಗೆ ಸ್ಪ್ರಿಂಗ್ ಇರುತ್ತದಲ್ಲ, ಉಗುರಿನಿಂದ ಹಿಂದಕ್ಕೆ ಎಳೆದು ತೆರೆಯುವಂಥದ್ದು. ಕೊಕ್ಕೆಯ ಮೇಲೆ ಯಾವ ಮುದ್ರೆಯೂ ಇರಲಿಲ್ಲ. ಅದನ್ನು ಯಾರೂ ಗಮನಿಸಿರಲೂ ಇಲ್ಲ.

ಕೊಕ್ಕೆಯ ಹತ್ತಿರದ ಒಂದು ಕೊಂಡಿ ಬಾಯಿ ಬಿಟ್ಟಿತ್ತು. ದುರಸ್ತಿಗೆ ಕೊಟ್ಟರು, ವಾಪಸ್ ಬಂತು, ಮತ್ತೆ ದಿನಾ ಹಾಕಿಕೊಳ್ಳತೊಡಗಿದರು. ಕೆಲವು ತಿಂಗಳಾದ ಮೇಲೆ ಕೊಕ್ಕೆಯ ಹತ್ತಿರ ಬೂದು ಬಣ್ಣದ ತೇಪೆ ಕಣ್ಣಿಗೆ ಬಿತ್ತು.

ಸಮಸ್ಯೆ

ಒಡತಿ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಒಂದನ್ನು ತಂದು ತಾವೇ ಫೋಟೋ ತೆಗೆದರು. ಫೋಟೋ ನೋಡಿ ಅವರ ಅನುಮಾನ ಇನ್ನೂ ಹೆಚ್ಚಾಯಿತು. ಕೊಂಡಿ ಕೊಂಡಿಯ ಮೇಲೂ ಕೆಂಪು ಚುಕ್ಕೆಗಳು. "ಒಳಗಿನ ತಾಮ್ರ ಕಾಣ್ತಿದೆ ಅಲ್ವಾ? ನಮ್ಮದನ್ನ ಇಟ್ಟುಕೊಂಡು ಗಿಲೀಟಿನದ್ದು ಕೊಟ್ಟಿದ್ದಾರೆ" ಎಂದು ಬರೆದು ಫೋಟೋಗಳನ್ನು ನನಗೆ ಕಳಿಸಿದರು. ದೂರು ಕೊಡಲು ಪತ್ರವನ್ನೂ ಬರೆದಿಟ್ಟಿದ್ದರು.

ಒಬ್ಬ ಕಸಬುದಾರನ ಹೆಸರು ಹಾಳಾಗುವ ಮಾತು ಇದು. ಹಾಗಾಗಿ ಫೋಟೋಗಳನ್ನು ಒಂದೊಂದಾಗಿ ನೋಡುವ ಬದಲು ಒಂದೇ ಕೊಂಡಿಯ ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟೆ. ಕೊಂಡಿಯ ಮೇಲಿದ್ದ ಒಂದು ಗೀರು ಎರಡರಲ್ಲೂ ಒಂದೇ ಜಾಗದಲ್ಲಿತ್ತು. ಕೆಂಪು ಚುಕ್ಕೆ ಮಾತ್ರ ಜಾಗ ಬದಲಿಸಿತ್ತು. ಲೇಪ ಸವೆದ ಜಾಗ ಹಾಗೆ ಓಡಾಡುವುದಿಲ್ಲ. ಉಬ್ಬಿದ, ಹೊಳಪು ಮಾಡಿದ ಲೋಹವೆಂದರೆ ಕನ್ನಡಿಯೇ. ಎರಡು ಸೆಂಟಿಮೀಟರ್ ದೂರದಲ್ಲಿ ಹಿಡಿದ ಫೋನು, ಅದನ್ನು ಹಿಡಿದ ಬೆರಳು, ತೋಳಿನ ಬಟ್ಟೆ ಎಲ್ಲವೂ ಅದರಲ್ಲಿ ಚಿಕ್ಕದಾಗಿ ಮೂಡುತ್ತವೆ. ಆ ಕೆಂಪು ಅವರ ಬೆರಳುಗಳದ್ದೇ.

ಪತ್ರ ಕಳಿಸಬೇಡಿ, ಬ್ರೇಸ್ಲೆಟ್ ತನ್ನಿ, ಬೇರೆ ಬೆಳಕಿನಲ್ಲಿ ತೆಗೆದು ನೋಡೋಣ ಎಂದೆ. ಬಟ್ಟೆಯಿಂದ ಉಜ್ಜಬೇಡಿ, ಪಾಲಿಶ್ ಮಾಡಿಸಬೇಡಿ ಎಂದೂ ಹೇಳಿದೆ. ಮುಂದೆ ಗೊತ್ತಾದದ್ದರಲ್ಲಿ ಅರ್ಧ ಆ ಗೀರುಗಳು ಉಳಿದಿದ್ದರಿಂದಲೇ ಗೊತ್ತಾಯಿತು.

ಫೋಟೋ ತೆಗೆದ ಬಗೆ

ಲೆನ್ಸ್ ಸಾಮಾನ್ಯದ್ದೇ. ಇಂಥವು ವಸ್ತುವಿನಿಂದ ಸುಮಾರು ಎರಡು ಸೆಂಟಿಮೀಟರ್ ದೂರದಲ್ಲಿ ಮಾತ್ರ ಸ್ಪಷ್ಟವಾಗಿ ತೋರಿಸುತ್ತವೆ. ಫೋಕಸ್ ಆಗುವ ಆಳವೂ ಒಂದು ಮಿಲಿಮೀಟರಿಗಿಂತ ಕಡಿಮೆ. ಕೈಯಲ್ಲಿ ಹಿಡಿದರೆ ಆಗದ ಕೆಲಸ. ಒಂದೇ ಎತ್ತರದ ಎರಡು ಪುಸ್ತಕದ ಕಟ್ಟುಗಳ ಮೇಲೆ ಫೋನನ್ನು ಅಡ್ಡ ಮಲಗಿಸಿ, ನಡುವಿನ ಸಂದಿನಲ್ಲಿ ಬ್ರೇಸ್ಲೆಟ್ ಇಟ್ಟೆ. ಕೊಂಡಿಯ ಅಡಿಗೆ ಮೆತ್ತನೆ ಜೇಡಿ ಕೊಟ್ಟು, ನೋಡಬೇಕಾದ ಮುಖ ಲೆನ್ಸಿಗೆ ಸಮನಾಗಿ ಬರುವ ಹಾಗೆ ಕೂರಿಸಿದೆ. ಫೋಕಸ್‌ಗಾಗಿ ಫೋನನ್ನು ಮುಟ್ಟಲಿಲ್ಲ, ಜೇಡಿಯನ್ನೇ ಒತ್ತಿ ಎತ್ತರ ಸರಿ ಮಾಡಿಕೊಂಡೆ. ಕ್ಲಿಕ್ ಮಾಡಲು ಎರಡು ಸೆಕೆಂಡಿನ ಟೈಮರ್.

ಫೋನಿನಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಎಷ್ಟೋ ಫೋನುಗಳು ವಸ್ತು ಹತ್ತಿರ ಬಂದ ಕೂಡಲೇ ತಾವಾಗಿಯೇ ಅಗಲ ಲೆನ್ಸಿಗೆ ಜಿಗಿಯುತ್ತವೆ. ನಮ್ಮ ಲೆನ್ಸ್ ಸಿಕ್ಕಿಸಿರುವುದು ಮುಖ್ಯ ಕ್ಯಾಮೆರಾಕ್ಕೆ. ಆ ಸ್ವಯಂ ಬದಲಾವಣೆಯನ್ನು ಆಫ್ ಮಾಡದಿದ್ದರೆ ಸಿಗುವುದು ಮಬ್ಬು ಚಿತ್ರವೇ. ಇನ್ನೊಂದು ಬಣ್ಣದ ವಿಷಯ. ಫೋನ್ ಪ್ರತಿ ಫೋಟೋಗೂ ಬಣ್ಣವನ್ನು ತನಗೆ ಬೇಕಾದ ಹಾಗೆ ತಿದ್ದುತ್ತದೆ. ಹಳದಿ ಜಾಸ್ತಿ ಇದೆ ಎನ್ನಿಸಿದರೆ ಕಡಿಮೆ ಮಾಡಿಬಿಡುತ್ತದೆ. ಅದಕ್ಕೆ ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿದೆ. ಪ್ರತಿ ಫೋಟೋದ ಮೂಲೆಯಲ್ಲೂ ಒಂದೇ ಬಿಳಿ ಕಾಗದದ ಚೂರು ಕಾಣುವ ಹಾಗೆ ಇಟ್ಟೆ. ಹೊಳಪಿನ ಜಾಗ ಪೂರ್ತಿ ಬಿಳಿಯಾಗದಷ್ಟು ಎಕ್ಸ್‌ಪೋಶರ್ ಇಳಿಸಿದೆ.

ಇಷ್ಟೆಲ್ಲ ಆದ ಮೇಲೂ ಉತ್ತರ ಕೊಡುವುದು ಬೆಳಕೇ. ನೋಡಬೇಕಾದ ಪ್ರತಿ ಜಾಗವನ್ನೂ ಎರಡು ಬೆಳಕಿನಲ್ಲಿ ತೆಗೆದೆ. ಮೊದಲನೆಯದು ಹರಡಿದ ಬೆಳಕು. ಟ್ರೇಸಿಂಗ್ ಕಾಗದವನ್ನು ಕೊಳವೆಯಾಗಿ ಸುತ್ತಿ ಬ್ರೇಸ್ಲೆಟ್ ಸುತ್ತ ನಿಲ್ಲಿಸಿ, ದೀಪವನ್ನು ಹೊರಗೆ ಇಟ್ಟೆ. ಆಗ ಲೋಹದಲ್ಲಿ ಮೂಡುವುದು ಬರೀ ಬಿಳಿ ಕಾಗದ, ಉಳಿಯುವುದು ಲೋಹದ ಸ್ವಂತ ಬಣ್ಣ. ಎರಡನೆಯದು ಓರೆ ಬೆಳಕು. ಕಾಗದ ತೆಗೆದು, ಕೋಣೆಯ ದೀಪ ಆರಿಸಿ, ಒಂದು ಚಿಕ್ಕ ಟಾರ್ಚನ್ನು ಹೆಚ್ಚುಕಡಿಮೆ ಮೇಜಿಗೆ ತಾಗಿಸಿ ಪಕ್ಕದಿಂದ ಬಿಟ್ಟೆ. ಈಗ ಬಣ್ಣ ನಂಬುವ ಹಾಗಿಲ್ಲ. ಆದರೆ ಗೀರು, ಗುಳಿ, ಉಬ್ಬು ಎಲ್ಲವೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಸವೆತ ಕೇಳುವುದು ಬಣ್ಣವನ್ನು, ಉಪಕರಣದ ಗುರುತು ಕೇಳುವುದು ನೆರಳನ್ನು. ಒಂದೇ ಫೋಟೋದಲ್ಲಿ ಎರಡೂ ಸಿಗುವುದಿಲ್ಲ.

ಒಂದು ಕಪ್ಪು ಚುಕ್ಕೆ ಕಲೆಯೋ ಗುಳಿಯೋ ಎಂಬ ಸಂದೇಹ ಬಂದರೆ ಟಾರ್ಚನ್ನು ಎದುರು ಬದಿಗೆ ಒಯ್ದು ಇನ್ನೊಂದು ಫೋಟೋ ತೆಗೆಯುತ್ತೇನೆ. ಗುಳಿಯಾದರೆ ನೆರಳು ಮತ್ತೊಂದು ಅಂಚಿಗೆ ಹೋಗುತ್ತದೆ. ಕಲೆಯಾದರೆ ಏನೂ ಬದಲಾಗುವುದಿಲ್ಲ.

ಮೂರು ಜಾಗಗಳು

ಹರಡಿದ ಬೆಳಕಿಗೆ ಬಂದ ಕೂಡಲೇ ಕೆಂಪು ಚುಕ್ಕೆಗಳೆಲ್ಲ ಮಾಯವಾದವು. ಆದರೆ ಬ್ರೇಸ್ಲೆಟ್ ಪೂರ್ತಿ ನಿರಾಳವಾಗಲಿಲ್ಲ. ಮೂರು ಜಾಗಗಳಲ್ಲಿ ಬಣ್ಣ ಬೇರೆಯಾಗಿಯೇ ಉಳಿಯಿತು. ಮೂರಕ್ಕೂ ಕಾರಣ ಬೇರೆ ಬೇರೆ.

ಸುಲಭದ್ದನ್ನು ಮೊದಲು ಹೇಳುತ್ತೇನೆ. ಕೊಂಡಿಗಳು ಒಂದರೊಳಗೊಂದು ಸೇರುವ ಮೂಲೆಗಳಲ್ಲಿ ಕಪ್ಪು ಗೆರೆಗಳಿದ್ದವು. ಇವು ತಗ್ಗಿನಲ್ಲಿ ಮಾತ್ರ ಇದ್ದವು, ಉಬ್ಬಿನ ಮೇಲೆ ಎಲ್ಲೂ ಇರಲಿಲ್ಲ. ಸವೆತ ಶುರುವಾಗುವುದು ಉಬ್ಬಿನಲ್ಲಿ, ಕೊಳೆ ಸೇರುವುದು ತಗ್ಗಿನಲ್ಲಿ. ಬೆಚ್ಚಗಿನ ಸೋಪು ನೀರು ಮತ್ತು ಮೆತ್ತನೆ ಬ್ರಷ್‌ನಿಂದ ಒಂದು ಮೂಲೆಯನ್ನು ಮಾತ್ರ ತೊಳೆದು ಮತ್ತೆ ಫೋಟೋ ತೆಗೆದೆ. ಕಪ್ಪು ಹೋಗಿತ್ತು.

ಎರಡನೆಯದು ಕೊಕ್ಕೆ. ಉಗುರು ತಾಗುವ ಚಿಕ್ಕ ಸನ್ನೆಯ ತುದಿಯಲ್ಲಿ ಮೂರು ಬಣ್ಣ ಪಟ್ಟಿಪಟ್ಟಿಯಾಗಿ ಕಂಡವು. ಹೊರಗೆ ಚಿನ್ನದ ಹಳದಿ. ಅದರ ಒಳಗೆ ಕೂದಲೆಳೆಗಿಂತ ಸ್ವಲ್ಪ ದಪ್ಪದ ಬೂದುಬಿಳಿ ಅಂಚು. ನಟ್ಟನಡುವೆ, ಅತಿ ಹೆಚ್ಚು ಉಜ್ಜಿಹೋದ ಜಾಗದಲ್ಲಿ, ಮಂಕಾದ ಕಂದು ಹಳದಿ. ಹಿತ್ತಾಳೆಯ ಮೇಲೆ ನಿಕಲ್, ನಿಕಲ್ ಮೇಲೆ ಚಿನ್ನ ಹಾಕಿದ ಒಡವೆ ಸವೆದಾಗ ಹೀಗೇ ಕಾಣುತ್ತದೆ. ಮೇಲಿನ ಪದರ ತೆಳ್ಳಗೆ ಜಾರಿ ಮುಗಿಯುವುದರಿಂದ ಅಂಚು ಹರಿತವಾಗಿರುವುದಿಲ್ಲ, ಮಸುಕಾಗಿ ಕರಗಿದ ಹಾಗಿರುತ್ತದೆ. ಒಳಗೆ ಬೆಳ್ಳಿ ಇದ್ದಿದ್ದರೆ ಬಿಳಿಯ ನಂತರ ಬೇರೆ ಬಣ್ಣ ಬರುತ್ತಿರಲಿಲ್ಲ, ಹೆಚ್ಚೆಂದರೆ ಕಪ್ಪಾಗುತ್ತಿತ್ತು.

ಅಂದರೆ ಕೊಕ್ಕೆ ಗಿಲೀಟಿನದ್ದು. ಹಾಗಾದರೆ ಸರವೂ ಗಿಲೀಟೇ? ಈ ಪ್ರಶ್ನೆಗೆ ಕೊಂಡಿಗಳ ಹೊರಮುಖ ನೋಡಿ ಪ್ರಯೋಜನವಿಲ್ಲ. ಕೊಂಡಿಗೆ ಕೊಂಡಿ ಉಜ್ಜುವ ಒಳಗಿನ ಬಾಗಿನಲ್ಲಿ ನೋಡಬೇಕು. ಬ್ರೇಸ್ಲೆಟ್ ಮಡಿಸಿ, ಒಂದು ಕೊಂಡಿಯನ್ನು ಪಕ್ಕಕ್ಕೆ ಸರಿಸಿ ಆ ಬಾಗನ್ನು ಬೆಳಕಿಗೆ ತಂದೆ. ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳ ಸ್ಕೇಲ್ ಇಟ್ಟೆ. ಅಲ್ಲಿ ಲೋಹ ಸುಮಾರು ಕಾಲು ಮಿಲಿಮೀಟರ್ ಆಳಕ್ಕೆ ತೇಯ್ದುಹೋಗಿತ್ತು. ಕಾಲು ಮಿಲಿಮೀಟರ್ ಎಂದರೆ 250 ಮೈಕ್ರಾನ್. ಒಡವೆಗಳ ಮೇಲಿನ ಚಿನ್ನದ ಲೇಪ ಬಹಳಷ್ಟು ಸಲ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ದಪ್ಪ ಲೇಪ ಎಂದರೂ ಕೆಲವೇ ಮೈಕ್ರಾನ್. ಇಲ್ಲಿ ಲೇಪವಿದ್ದಿದ್ದರೆ ಎಂದೋ ದಾಟಿಹೋಗಿ ಒಳಗಿನ ಲೋಹ ಕಾಣಬೇಕಿತ್ತು. ಗುಂಡಿಯ ತಳದ ಬಣ್ಣ ಮತ್ತು ಹೊರಮುಖದ ಬಣ್ಣ ಒಂದೇ ಆಗಿತ್ತು, ನಡುವೆ ಯಾವ ಅಂಚೂ ಇರಲಿಲ್ಲ. ಬೇರೆ ಬೇರೆ ಕಡೆಯ ಕೊಂಡಿಗಳನ್ನು ಹೀಗೇ ನೋಡಿದೆ, ಎಲ್ಲವೂ ಹಾಗೇ. ಕೊಂಡಿಗಳು ಒಳಗೂ ಹೊರಗೂ ಒಂದೇ ಲೋಹ ಎಂಬುದು ಗಟ್ಟಿಯಾಯಿತು.

ಮೂರನೆಯ ಜಾಗ ದುರಸ್ತಿಯಾದ ಕೊಂಡಿ. ನಿಜವಾದ ಅಪಾಯ ಅಡಗಿದ್ದು ಇಲ್ಲಿ. ಬೇರೆ ಕೊಂಡಿಗಳ ಮೂಲ ಬೆಸುಗೆ ಹರಡಿದ ಬೆಳಕಿನಲ್ಲಿ ತೆಳುವಾದ ಒಂದು ಗೆರೆ, ಅಷ್ಟೆ. ಬಣ್ಣ ಒಂಚೂರು ಪೇಲವ, ಮಟ್ಟ ಸುತ್ತಲಿನ ಲೋಹದ ಸಮಕ್ಕೆ. ಚಿನ್ನದ ಬೆಸುಗೆ ಹಾಗೇ ಇರಬೇಕು. ದುರಸ್ತಿಯ ಜಾಗದಲ್ಲಿ ಗೆರೆಯೇ ಇರಲಿಲ್ಲ. ಸಂದಿನಿಂದ ಹೊರಬಂದು ಎರಡೂ ಬದಿಗೆ ಹರಡಿದ ಬೂದು ಮುದ್ದೆ ಇತ್ತು. ಅದರ ಅಂಚು ಮೇಣದ ಹನಿ ಗಟ್ಟಿಯಾದ ಹಾಗೆ ದುಂಡಗೆ. ಓರೆ ಬೆಳಕಿನಲ್ಲಿ ಅದರ ಮೇಲೆ ಸಣ್ಣ ಸುಕ್ಕುಗಳೂ ಒಂದೆರಡು ಗಾಳಿಗುಳಿಗಳೂ ಕಂಡವು. ಇದು ತವರದ ಬೆಸುಗೆಯ ರೂಪ. ಮೇಲೆ ಚಿನ್ನದ ಬಣ್ಣ ತೆಳ್ಳಗೆ ಹಚ್ಚಿದ್ದರು. ಅದು ಸವೆದ ಮೇಲೆ ಬೂದು ಹೊರಬಂದಿತ್ತು.

ಒಡತಿಗೆ ಕಂಡಿದ್ದ "ತೇಪೆ" ಹೀಗೆ ಒಂದಲ್ಲ, ಎರಡು. ಅಕ್ಕಪಕ್ಕ ಇದ್ದದ್ದರಿಂದ ಬರಿಗಣ್ಣಿಗೆ ಒಂದೇ ಅನ್ನಿಸಿತ್ತು.

ಯಾವುದು ಮೊದಲು, ಯಾವುದು ನಂತರ

ತವರ ಹಾಕಿದ್ದು ಈ ಸಲದ ದುರಸ್ತಿಯಲ್ಲೇ. ಕೊಕ್ಕೆ? ಚಿನ್ನದ ಕೊಕ್ಕೆಯನ್ನು ತೆಗೆದು ಗಿಲೀಟಿನದ್ದನ್ನು ಹಾಕಿದ್ದೂ ಅದೇ ಸಲವೇ? ಒಡತಿಯ ಅನುಮಾನ ಈಗ ಇಲ್ಲಿಗೆ ಬಂದು ನಿಂತಿತ್ತು.

ಇದಕ್ಕೆ ಓರೆ ಬೆಳಕಿನ ಫೋಟೋಗಳನ್ನೇ ನೋಡಬೇಕಾಯಿತು. ಕೊಕ್ಕೆಯನ್ನು ಸರಕ್ಕೆ ಸೇರಿಸುವ ಒಂದು ಚಿಕ್ಕ ರಿಂಗ್ ಇದೆ. ಇಕ್ಕಳದಲ್ಲಿ ಹಿಡಿದು ತಿರುಚಿ ಅದನ್ನು ಮುಚ್ಚಿದ್ದರು, ಇಕ್ಕಳದ ಹಲ್ಲಿನ ಸಾಲು ಗುರುತುಗಳು ಅದರ ಎರಡೂ ಬದಿಯಲ್ಲಿದ್ದವು. ದುರಸ್ತಿಯಾದ ಕೊಂಡಿಯ ಮೇಲೂ ಇಕ್ಕಳದ ಗುರುತುಗಳಿದ್ದವು. ಎರಡನ್ನೂ ಒಂದೇ ಬೆಳಕಿನಲ್ಲಿ, ಒಂದೇ ಎತ್ತರದಲ್ಲಿ ತೆಗೆದು ಹೋಲಿಸಿದೆ.

ಕೊಂಡಿಯ ಮೇಲಿನ ಗುರುತುಗಳ ಅಂಚು ಹರಿತವಾಗಿತ್ತು. ಹಲ್ಲು ಕಚ್ಚಿದಾಗ ಪಕ್ಕಕ್ಕೆ ತಳ್ಳಿದ ಲೋಹ ಇನ್ನೂ ಸಣ್ಣ ಏರಿಯಾಗಿ ನಿಂತಿತ್ತು. ದಿನಬಳಕೆಯ ಗೀರುಗಳು ಅದರ ಮೇಲೆ ಅಲ್ಲೊಂದು ಇಲ್ಲೊಂದು. ರಿಂಗಿನ ಮೇಲಿನ ಗುರುತುಗಳು ಬೇರೆ ತರಹ. ಏರಿಗಳು ಸವೆದು ದುಂಡಗಾಗಿದ್ದವು. ದಿಕ್ಕುದಿಕ್ಕಿಗೆ ಓಡುವ ನೂರಾರು ಸಣ್ಣ ಗೀರುಗಳು ಅವುಗಳನ್ನು ದಾಟಿ ಹೋಗಿದ್ದವು. ನಂತರ ಬಿದ್ದ ಗೀರು ಮೊದಲಿದ್ದ ಗುರುತನ್ನು ಕತ್ತರಿಸಿಕೊಂಡು ಹೋಗುತ್ತದೆ. ಮೊದಲಿದ್ದ ಗೀರಾದರೆ ಗುರುತಿನ ಅಂಚಿಗೆ ಬಂದು ತುಂಡಾಗುತ್ತದೆ. ರಿಂಗಿನಲ್ಲಿ ಗೀರುಗಳು ದಾಟಿ ಹೋಗಿದ್ದವು. ಕೊಂಡಿಯಲ್ಲಿ ಬಹಳಷ್ಟು ಗೀರುಗಳು ಅಂಚಿಗೆ ಬಂದು ತುಂಡಾಗಿದ್ದವು.

ಎರಡೂ ಒಂದೇ ಕೈಯ ಮೇಲೆ, ಒಂದೇ ಜಾಗದಲ್ಲಿ, ಬೆರಳಗಲದ ಅಂತರದಲ್ಲಿ ಇದ್ದವು. ಒಂದೇ ದಿನ ಬಿದ್ದ ಗುರುತುಗಳಾಗಿದ್ದರೆ ಸವೆತದಲ್ಲಿ ಇಷ್ಟು ವ್ಯತ್ಯಾಸ ಬರುವುದಿಲ್ಲ. ಕೊಕ್ಕೆ ಬದಲಾಗಿದ್ದು ಈ ದುರಸ್ತಿಗಿಂತ ಬಹಳ ಹಿಂದೆ. ಎಷ್ಟು ಹಿಂದೆ, ಯಾರು ಹಾಕಿದ್ದು ಎಂದು ಫೋಟೋ ಹೇಳುವುದಿಲ್ಲ.

ಈ ಓದು ಸಾಧ್ಯವಾಗಿದ್ದಕ್ಕೆ ಒಂದು ಕಾರಣವಿತ್ತು. ಅಕ್ಕಸಾಲಿಗರು ದುರಸ್ತಿಯ ನಂತರ ಪೂರ್ತಿ ಬ್ರೇಸ್ಲೆಟ್‌ಗೆ ಪಾಲಿಶ್ ಕೊಟ್ಟಿರಲಿಲ್ಲ. ಪಾಲಿಶ್ ಚಕ್ರಕ್ಕೆ ಹಿಡಿದಿದ್ದರೆ ಗೀರುಗಳೆಲ್ಲ ಅಳಿಸಿ, ಒಂದೇ ದಿಕ್ಕಿನ ನಯವಾದ ಗೆರೆಗಳು ಮಾತ್ರ ಉಳಿಯುತ್ತಿದ್ದವು. ಆಗ ಹಳೆಯದು ಹೊಸದು ಎಂದು ಬೇರ್ಪಡಿಸಲು ಏನೂ ಇರುತ್ತಿರಲಿಲ್ಲ.

ತೂಕ ಹಾಕಿ ನೋಡಿದ್ದು

ಕೊಂಡಿಗಳು ಒಂದೇ ಲೋಹ ಎಂದು ಫೋಟೋ ಹೇಳಿತು. ಅದು 18 ಕ್ಯಾರೆಟ್ ಹೌದೋ ಅಲ್ಲವೋ ಎಂದು ಹೇಳುವ ಶಕ್ತಿ ಯಾವ ಮ್ಯಾಕ್ರೋ ಫೋಟೋಗೂ ಇಲ್ಲ. ಬಣ್ಣ ನೋಡಿ ಕ್ಯಾರೆಟ್ ಹೇಳುವವರನ್ನು ನಾನು ನಂಬುವುದಿಲ್ಲ. ಅಯಸ್ಕಾಂತ ಹಿಡಿದು ನೋಡೋಣ ಎಂದು ಒಡತಿ ಕೇಳಿದರು. ಕೊಕ್ಕೆಯೊಳಗಿನ ಸ್ಪ್ರಿಂಗ್ ಉಕ್ಕಿನದ್ದಾಗಿದ್ದರೆ ಕೊಕ್ಕೆ ಚಿನ್ನದ್ದೇ ಆದರೂ ಅಯಸ್ಕಾಂತಕ್ಕೆ ಅಂಟುತ್ತದೆ, ಹಿತ್ತಾಳೆ ಸರ ಅಂಟುವುದೇ ಇಲ್ಲ. ಹಾಗಾಗಿ ಅದು ಇಲ್ಲಿ ಯಾವ ಉತ್ತರವನ್ನೂ ಕೊಡುವುದಿಲ್ಲ.

ಮುಂದೆ ಕೊಕ್ಕೆಯನ್ನೂ ತವರವನ್ನೂ ತೆಗೆದ ಮೇಲೆ ಬರೀ ಸರವನ್ನು ತೂಗಿದೆವು. ಗಾಳಿಯಲ್ಲಿ 12.40 ಗ್ರಾಂ. ದಾರದಲ್ಲಿ ತೂಗುಹಾಕಿ ನೀರಿನಲ್ಲಿ ಮುಳುಗಿಸಿದಾಗ 0.81 ಗ್ರಾಂ ಕಡಿಮೆಯಾಯಿತು. ಭಾಗಿಸಿದರೆ ಸಾಂದ್ರತೆ 15.3. ಹಳದಿ 18 ಕ್ಯಾರೆಟ್ ಚಿನ್ನದ್ದು 15ಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಇದೇ ತೂಕದ ಹಿತ್ತಾಳೆಯಾಗಿದ್ದರೆ ಒಂದೂವರೆ ಗ್ರಾಂ ಹತ್ತಿರ ಕಡಿಮೆಯಾಗಬೇಕಿತ್ತು. ಕೊಂಡಿಗಳ ಸಂದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ನೀರಿಗೆ ಒಂದು ಹನಿ ಸೋಪು ಹಾಕಿ, ಸರವನ್ನು ಅಲ್ಲಾಡಿಸಿ ತೂಗಿದ್ದೆವು. ಸರ ಟೊಳ್ಳಾಗಿದ್ದರೆ ಈ ವಿಧಾನ ನಡೆಯುವುದಿಲ್ಲ, ಇದು ಗಟ್ಟಿ ಸರ.

ಅಕ್ಕಸಾಲಿಗರ ಮಾತು, ಮುಂದಿನ ದುರಸ್ತಿ

ಒಡತಿ ದೂರಿನ ಪತ್ರದ ಬದಲು ಫೋಟೋಗಳನ್ನು ತೆಗೆದುಕೊಂಡು ಅಕ್ಕಸಾಲಿಗರ ಬಳಿ ಹೋದರು. ಆರೋಪ ಮಾಡಲಿಲ್ಲ. ಬೂದು ಮುದ್ದೆಯ ಫೋಟೋ ತೋರಿಸಿ "ಇದು ಏನು ಅಂತ ಹೇಳ್ತೀರಾ?" ಎಂದು ಕೇಳಿದರು. ಅವರು ಮುಚ್ಚಿಡಲಿಲ್ಲ. ಕೊಂಡಿ ಕೊಕ್ಕೆಗೆ ತೀರಾ ಹತ್ತಿರ ಇತ್ತು, ಜ್ವಾಲೆ ಹಿಡಿದರೆ ಸ್ಪ್ರಿಂಗ್ ಕಾದು ಸತ್ತುಹೋಗುತ್ತದೆ, ಅದಕ್ಕೆ ತವರ ಹಾಕಿ ಬಣ್ಣ ಕೊಟ್ಟೆ ಎಂದರು. ಭಯ ನಿಜವಾದದ್ದೇ. ಕಾದ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಆದರೆ ಕೊಕ್ಕೆ ಬಿಚ್ಚಿಟ್ಟು ಬೆಸೆಯಬಹುದಿತ್ತು. ಕಡೇಪಕ್ಷ ತವರ ಹಾಕಿದ್ದನ್ನು ಹೇಳಬೇಕಿತ್ತು.

ಹೇಳದೆ ಬಿಟ್ಟದ್ದು ಏಕೆ ಅಪಾಯ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ತವರ-ಸೀಸದ ಬೆಸುಗೆ 200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಚಿನ್ನದ ಬೆಸುಗೆಗೆ 600 ಡಿಗ್ರಿಗಿಂತ ಜಾಸ್ತಿ ಬೇಕು. ತವರ ಇರುವುದು ಗೊತ್ತಿಲ್ಲದೆ ಮುಂದೆ ಯಾರಾದರೂ ಅಲ್ಲಿ ಜ್ವಾಲೆ ಹಿಡಿದರೆ, ಕರಗಿದ ತವರ ಸೀಸ ಚಿನ್ನದೊಳಗೆ ಸೇರಿಕೊಂಡು ಅದನ್ನು ಕೊರೆಯುತ್ತವೆ. ಲೋಹ ಗುಳಿ ಬಿದ್ದು ಪೆಡಸಾಗಿ ಮುರಿಯುತ್ತದೆ, ಪಕ್ಕದ ಕೊಂಡಿಗಳೂ ಹಾಳಾಗಬಹುದು. ಆ ಬೂದು ಮುದ್ದೆಯ ಒಂದು ಫೋಟೋ ಇಲ್ಲದಿದ್ದರೆ ಮುಂದಿನ ದುರಸ್ತಿ ಹಾಗೇ ಆಗುವ ಸಾಧ್ಯತೆ ಇತ್ತು.

ಕೆಲಸವನ್ನು ಮತ್ತೆ ಅವರಿಗೇ ಕೊಡುವುದೆಂದು ಒಡತಿ ತೀರ್ಮಾನಿಸಿದರು. ಅವರು ಸೂಜಿಮೊನೆ ತಾಗಿಸಿದಾಗ ಬೂದು ಮುದ್ದೆ ಮೆತ್ತಗೆ ಸುರುಳಿಯಾಗಿ ಎದ್ದುಬಂತು, ತವರ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬಿಸಿ ಮಾಡದೆ ಕೆರೆದು, ಅರದಿಂದ ಉಜ್ಜಿ, ಹೊಸ ಚಿನ್ನ ಕಾಣುವವರೆಗೂ ತೆಗೆದರು. ಪ್ರತಿ ಹಂತದಲ್ಲೂ ಹರಡಿದ ಬೆಳಕಿನ ಫೋಟೋ ತೆಗೆದೆವು. ಮುಗಿಯಿತು ಎನ್ನುವ ಹೊತ್ತಿಗೆ ಸಂದಿನ ಒಳಗೋಡೆಯಲ್ಲಿ ಕೂದಲಿನಷ್ಟು ಬೂದು ಗೆರೆ ಫೋಟೋದಲ್ಲಿ ಕಂಡಿತು. ಬರಿಗಣ್ಣಿಗೆ ಅದು ಕಂಡಿರಲೇ ಇಲ್ಲ. ಅದನ್ನೂ ಕೆರೆದ ಮೇಲೆಯೇ ಕೊಂಡಿಯನ್ನು ಲೇಸರ್‌ನಲ್ಲಿ ಬೆಸೆಯಲು ಕಳಿಸಿದರು. ಲೇಸರ್‌ನಲ್ಲಿ ಕಾಯುವುದು ಒಂದು ಚುಕ್ಕೆಯಷ್ಟು ಜಾಗ ಮಾತ್ರ. ಆದರೆ ಅಲ್ಲೂ ತವರ ಉಳಿದಿದ್ದರೆ ಬೆಸುಗೆ ಬಿರುಕು ಬಿಡುತ್ತದೆ.

ವಾಪಸ್ ಬಂದ ಕೊಂಡಿಯನ್ನು ಓರೆ ಬೆಳಕಿನಲ್ಲಿ ನೋಡಿದೆ. ಒಂದರ ಮೇಲೊಂದು ಅರ್ಧ ಕೂತ ದುಂಡು ಚುಕ್ಕೆಗಳ ಸಾಲು, ಲೇಸರ್ ಬೆಸುಗೆಯ ಸಹಜ ಗುರುತು. ಸಾಲು ಸಂದಿನ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ತುಂಡಾಗದೆ ಹೋಗಿತ್ತು. ಗುಳಿಗಳಿರಲಿಲ್ಲ. ಬೆಸುಗೆ ಒಳಗೆ ಎಷ್ಟು ಆಳ ಹೋಗಿದೆ ಎಂದು ಫೋಟೋ ತೋರಿಸುವುದಿಲ್ಲ. ಹಾಗಾಗಿ ಅಕ್ಕಸಾಲಿಗರೇ ಎರಡು ಇಕ್ಕಳದಲ್ಲಿ ಹಿಡಿದು ಎಳೆದು ತೋರಿಸಿದರು. ಈ ಸಲ ಇಕ್ಕಳದ ಬಾಯಿಗೆ ಚರ್ಮದ ಪಟ್ಟಿ ಸುತ್ತಿದ್ದರು, ಹೊಸ ಗುರುತು ಬೀಳಲಿಲ್ಲ.

ಈ ಪ್ರಕರಣದ ನಂತರ ಬದಲಾದದ್ದು

ಈಗ ಯಾರಾದರೂ ಸವೆತದ ಫೋಟೋ ಕಳಿಸಿದರೆ, ಒಡವೆಯನ್ನು ಸ್ವಲ್ಪ ತಿರುಗಿಸಿ ತೆಗೆದ ಇನ್ನೊಂದು ಫೋಟೋವನ್ನೂ ಕೇಳುತ್ತೇನೆ. ಬಣ್ಣ ಲೋಹದ ಜೊತೆ ತಿರುಗಿದರೆ ಮಾತ್ರ ಮುಂದಿನ ಮಾತು. ದುರಸ್ತಿಗೆ ಕೊಡುವ ಮೊದಲು ಕೊಕ್ಕೆ, ಮುದ್ರೆ, ಒಡೆದ ಜಾಗ ಮತ್ತು ಎರಡು ಕೊಂಡಿಗಳ ಒಳಬಾಗು, ಇಷ್ಟನ್ನು ಎರಡೂ ಬೆಳಕಿನಲ್ಲಿ ಸ್ಕೇಲ್ ಜೊತೆ ತೆಗೆದಿಟ್ಟುಕೊಳ್ಳಿ ಎನ್ನುತ್ತೇನೆ. ಮಾಲೀಕರಿಗೆ ಎಷ್ಟು ಉಪಯೋಗವೋ ಕಸಬುದಾರರಿಗೂ ಅಷ್ಟೇ. ಈ ಬ್ರೇಸ್ಲೆಟ್‌ಗೆ ಮೊದಲೇ ಅಂಥ ಒಂದು ಫೋಟೋ ಇದ್ದಿದ್ದರೆ, ಕೊಕ್ಕೆ ಯಾವಾಗ ಬಂತು ಎಂಬುದನ್ನು ಇಕ್ಕಳದ ಗುರುತುಗಳಿಂದ ಬಿಡಿಸುವ ಕೆಲಸವೇ ಬೇಕಾಗುತ್ತಿರಲಿಲ್ಲ.

ಅಕ್ಕಸಾಲಿಗರು ತಮ್ಮ ಕೆಲಸದ ಮೇಜಿಗೂ ಅಂಥದ್ದೇ ಲೆನ್ಸ್ ಒಂದನ್ನು ತಂದಿಟ್ಟುಕೊಂಡಿದ್ದಾರೆ. ಒಡವೆ ತೆಗೆದುಕೊಳ್ಳುವಾಗ ಗಿರಾಕಿಯ ಎದುರೇ ಫೋಟೋ ತೆಗೆಯುತ್ತಾರೆ, ತವರ ಹಾಕಲೇಬೇಕಾಗಿ ಬಂದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬ್ರೇಸ್ಲೆಟ್‌ಗೆ ಒಡತಿ 750 ಮುದ್ರೆಯ ಹೊಸ ಕೊಕ್ಕೆ ಹಾಕಿಸಿಕೊಂಡರು. ಹಳೆಯ ಕೊಕ್ಕೆ ನನ್ನ ಹತ್ತಿರ ಇದೆ. ಲೇಪ ಸವೆದಾಗ ಮೂರು ಬಣ್ಣ ಹೇಗೆ ಕಾಣುತ್ತವೆ ಎಂದು ಕೇಳಿದವರಿಗೆ ಅದನ್ನೇ ಲೆನ್ಸಿನ ಕೆಳಗೆ ಇಟ್ಟು ತೋರಿಸುತ್ತೇನೆ.